‘ಕೃಪೆ: ಗೂಗಲ್’ ಅಂತ ಬರೆದರೆ ಸಾಕಾ?

ಎರಡು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ನಮ್ಮ ಓದುಗರ ಬಳಗದ ಇನ್‌ಸ್ಟಾಗ್ರಾಮ್ ಪುಟಕ್ಕೆ ಒಂದು ಕ್ಯಾರೊಸೆಲ್ ಮಾಡಿದ್ದೆ. ನಾಲ್ಕೇ ಸ್ಲೈಡ್. ಮೊದಲನೆಯದರಲ್ಲಿ ಹಂಪಿಯ ಸೂರ್ಯೋದಯ, ಎರಡನೆಯದರಲ್ಲಿ ಡಿ.ವಿ.ಜಿ.ಯವರ ಒಂದು ಕಗ್ಗ, ಮೂರನೆಯದರಲ್ಲಿ ಹಳೆಯ ಸಿನಿಮಾ ಹಾಡಿನ ಎರಡು ಸಾಲು, ಕೊನೆಯದರಲ್ಲಿ ಶುಭಾಶಯ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಚಿತ್ರ ಕೃಪೆ: ಗೂಗಲ್’ ಅಂತ ಹಾಕಿ ಕೈತೊಳೆದುಕೊಂಡೆ.

ಮೂರನೇ ದಿನ ಒಬ್ಬ ಫೋಟೊಗ್ರಾಫರ್ ಮೆಸೇಜ್ ಬಂತು. “ಆ ಫೋಟೊ ಗೂಗಲ್ ತೆಗೆದದ್ದಲ್ಲ ಸರ್, ನಾನು ತೆಗೆದದ್ದು. ಮಾತಂಗ ಬೆಟ್ಟ ಹತ್ತೋಕೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದಿದ್ದೆ.” ನಾಚಿಕೆಯಾಯಿತು. ಪೋಸ್ಟ್ ತೆಗೆದೆ, ಕ್ಷಮೆ ಕೇಳಿದೆ. ಆಮೇಲೆ ಉಳಿದ ಸ್ಲೈಡುಗಳ ಗತಿ ಏನು ಅಂತ ನೋಡಲು ಹೊರಟೆ. ಒಂದೊಂದರ ಹಿಂದೆಯೂ ಒಂದೊಂದು ಕಥೆ ಇತ್ತು.

ಮೊದಲು ಕಗ್ಗ. ನಮ್ಮಲ್ಲಿ ಕಗ್ಗವನ್ನು ಸರ್ವಜ್ಞನ ವಚನದ ಹಾಗೆ ಎಲ್ಲರ ಆಸ್ತಿ ಅಂದುಕೊಂಡವರೇ ಜಾಸ್ತಿ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡ ಮೇಲೂ 50 ವರ್ಷ ಕೃತಿಯ ಹಕ್ಕು ಉಳಿಯುತ್ತಿತ್ತು. ಲೆಕ್ಕ ಶುರುವಾಗುವುದು ತೀರಿಕೊಂಡ ಮರುವರ್ಷದ ಜನವರಿ 1ರಿಂದ. ಡಿ.ವಿ.ಜಿ. ತೀರಿಕೊಂಡದ್ದು 1975ರ ಅಕ್ಟೋಬರಿನಲ್ಲಿ. ಅಂದರೆ 2025ರ ಕೊನೆಗೆ ಕಗ್ಗದ ಹಕ್ಕು ಮುಗಿಯಬೇಕಿತ್ತು.

ಅದು ಮುಂದೆ ಹೋದದ್ದು ರವೀಂದ್ರನಾಥ ಠಾಕೂರರಿಂದ. ಅವರು ತೀರಿಕೊಂಡದ್ದು 1941ರಲ್ಲಿ, ಹಾಗಾಗಿ 1991ರ ಕೊನೆಗೆ ಅವರ ಕೃತಿಗಳು ಎಲ್ಲರಿಗೂ ಮುಕ್ತವಾಗಬೇಕಿತ್ತು. ಹಕ್ಕು ಇದ್ದದ್ದು ವಿಶ್ವಭಾರತಿಯ ಬಳಿ. ಅವಧಿ ಮುಗಿಯಲು ಇನ್ನೇನು ಕೆಲವೇ ದಿನ ಇದೆ ಅನ್ನುವಾಗ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. 1992ರಲ್ಲಿ ಅದೇ ಕಾಯ್ದೆಯ ತಿದ್ದುಪಡಿಯಾಗಿ 50 ವರ್ಷ ಹೋಗಿ 60 ಆಯಿತು. ಒಬ್ಬ ಬಂಗಾಳಿ ಕವಿಗಾಗಿ ಮಾಡಿದ ಬದಲಾವಣೆ ದೇಶದ ಎಲ್ಲ ಲೇಖಕರಿಗೂ ಅನ್ವಯಿಸಿತು. ಕಗ್ಗ ಈಗ ಮುಕ್ತವಾಗುವುದು 2036ರ ಜನವರಿ 1ಕ್ಕೆ. ಬೇಂದ್ರೆಯವರ ಕವಿತೆಗಳು 2042ಕ್ಕೆ, ಕುವೆಂಪು ಅವರವು 2055ಕ್ಕೆ.

ಹಾಗಾದರೆ ಒಂದು ಕಗ್ಗವನ್ನೂ ಹಾಕುವಂತಿಲ್ಲವೇ? ವಿಮರ್ಶೆಗಾಗಿ ನ್ಯಾಯವಾಗಿ ಬಳಸುವುದಕ್ಕೆ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಒಂದು ಪದ್ಯ ಎತ್ತಿಕೊಂಡು, ಮುಂದಿನ ಸ್ಲೈಡುಗಳಲ್ಲಿ ಅದರ ಬಗ್ಗೆ ನಿಮ್ಮದೇ ಮಾತು ಬರೆದು, ಕವಿಯ ಹೆಸರು ಹಾಕಿದರೆ ನಿಮ್ಮ ಕಡೆ ವಾದ ಇರುತ್ತದೆ. ಬರೀ ಪದ್ಯವನ್ನು ಚೆಂದದ ಹಿನ್ನೆಲೆಯ ಮೇಲೆ ಕೂರಿಸಿ, ಕೆಳಗೆ ಅಂಗಡಿಯ ಲೋಗೊ ಹಾಕಿದರೆ ಅದು ವಿಮರ್ಶೆಯಲ್ಲ, ಅಲಂಕಾರ. ಈ ತಲೆನೋವೇ ಬೇಡ ಅನ್ನುವವರಿಗೆ ದಾರಿ ಸುಲಭ: ಕವಿ ತೀರಿಕೊಂಡ ವರ್ಷ ನೋಡಿ, 60 ಕೂಡಿಸಿ. ಪಂಜೆ ಮಂಗೇಶರಾಯರು (1937), ಬಿ.ಎಂ.ಶ್ರೀ (1946), ಗೋವಿಂದ ಪೈ (1963) ಈಗಾಗಲೇ ಮುಕ್ತ. ವಚನ, ದಾಸರ ಪದಗಳಂತೂ ಸರಿಯೇ ಸರಿ. ಆದರೆ ವಚನದ ಇಂಗ್ಲಿಷ್ ಅನುವಾದ ಹಾಕುವಾಗ ಹುಷಾರು. ಮೂಲ ಬಸವಣ್ಣನದು, ಅನುವಾದದ ಹಕ್ಕು ಅನುವಾದಕರದು.

ಇನ್ನು ಫೋಟೊ. ಬ್ರಿಟಿಷರ ಕಾಲದ ಕಾನೂನಿನಲ್ಲಿ ಫೋಟೊದ ಆಯುಷ್ಯ ನೆಗೆಟಿವ್ ತಯಾರಾದ ದಿನದಿಂದ 50 ವರ್ಷ. ಆಮೇಲೆ ಅದು ಪ್ರಕಟವಾದ ವರ್ಷದಿಂದ ಎಣಿಸುವಂತಾಯಿತು. 2012ರ ತಿದ್ದುಪಡಿ ಬಂದಾಗ ಫೋಟೊಗ್ರಾಫರನೂ ಕವಿಯ ಸಮಕ್ಕೆ ಬಂದ: ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ಇದರಿಂದ ಒಂದು ಗಡಿ ಸಿಗುತ್ತದೆ. 1951 ಅಥವಾ ಅದಕ್ಕೂ ಮೊದಲು ಪ್ರಕಟವಾದ ಫೋಟೊ, ಆ ಹೊತ್ತಿಗಾಗಲೇ 60 ವರ್ಷ ಮುಗಿಸಿದ್ದರಿಂದ, ಭಾರತದಲ್ಲಿ ಮುಕ್ತ. ಅದರ ಈಚಿನದಕ್ಕೆ ಯಾರನ್ನಾದರೂ ಕೇಳಲೇಬೇಕು ಅಂದುಕೊಳ್ಳುವುದು ಒಳ್ಳೆಯದು.

ನಾನೀಗ ಹೆಚ್ಚಾಗಿ ಹೋಗುವುದು ವಿಕಿಮೀಡಿಯ ಕಾಮನ್ಸ್‌ಗೆ. ಅಲ್ಲಿ ಪ್ರತಿ ಚಿತ್ರದ ಕೆಳಗೆ ಲೈಸೆನ್ಸ್ ಯಾವುದು ಅಂತ ಇರುತ್ತದೆ. ಹೆಸರು ಹಾಕಬೇಕಾದಲ್ಲಿ ಕ್ಯಾಪ್ಶನ್‌ನಲ್ಲಿ ಹೀಗೆ ಬರೆಯುತ್ತೇನೆ: ‘ಚಿತ್ರ: (ತೆಗೆದವರ ಹೆಸರು), ವಿಕಿಮೀಡಿಯ ಕಾಮನ್ಸ್, CC BY-SA 4.0’. ಚಿತ್ರದ ಕೊಂಡಿಯನ್ನೂ ಸೇರಿಸುತ್ತೇನೆ. CC ಅಂದರೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್, ಕೊನೆಯ ಸಂಖ್ಯೆ ಅದರ ಆವೃತ್ತಿ. ಆ ಸಂಖ್ಯೆಯನ್ನು ತುಂಬಾ ಜನ ನೋಡುವುದೇ ಇಲ್ಲ. 4.0 ಆಗಿದ್ದರೆ, ಹೆಸರು ಹಾಕಲು ಮರೆತರೂ ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಅನುಮತಿ ತಾನಾಗಿಯೇ ವಾಪಸ್ ಬರುತ್ತದೆ. ಹಳೆಯ 2.0, 3.0ರಲ್ಲಿ ಆ ಸೌಲಭ್ಯ ಇಲ್ಲ. ತಪ್ಪಿದ ಕ್ಷಣವೇ ಅನುಮತಿ ರದ್ದು. ಇದನ್ನೇ ಹಿಡಿದುಕೊಂಡು ದುಡ್ಡು ಕೇಳುವವರಿದ್ದಾರೆ. ಬೇರೆ ಕಡೆ ಸಿಕ್ಕ ಚಿತ್ರದ ಲೈಸೆನ್ಸಿನಲ್ಲಿ NC, ಅಂದರೆ ವ್ಯಾಪಾರಕ್ಕಲ್ಲ, ಅಂತ ಇದ್ದರೆ ಪ್ರಾಯೋಜಿತ ಪೋಸ್ಟಿಗೆ ಅದನ್ನು ಮುಟ್ಟಬೇಡಿ.

ಇನ್ನೊಂದು ಪೀಕಲಾಟವಿದೆ. ಯಾರೋ ಇನ್ನೊಬ್ಬರ ಫೋಟೊವನ್ನು ತಮ್ಮದೆಂದು ಕಾಮನ್ಸ್‌ಗೆ ಏರಿಸಿರಬಹುದು. ಚಿತ್ರ ತೀರಾ ಚಿಕ್ಕದು, ಪುಟದ ಕೊನೆಯಲ್ಲಿ ಕ್ಯಾಮೆರಾದ ವಿವರವೇ ಇಲ್ಲ, ಅದೇ ಚಿತ್ರ ಹಳೆಯ ತಾರೀಕಿನಲ್ಲಿ ಬೇರೆ ಕಡೆ ಸಿಗುತ್ತದೆ ಅಂದರೆ ನಾನು ಬಿಟ್ಟುಬಿಡುತ್ತೇನೆ. ಎಲ್ಲಕ್ಕಿಂತ ನೆಮ್ಮದಿ ನಮ್ಮ ಮೊಬೈಲಿನಲ್ಲೇ ತೆಗೆಯುವುದು. ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಲ್ಲಿಸಿರುವ ಪ್ರತಿಮೆಯ ಫೋಟೊ ತೆಗೆದು ಪ್ರಕಟಿಸಲು ಕಾಯ್ದೆಯೇ ಅನುಮತಿ ಕೊಟ್ಟಿದೆ. ಕವಿಯ ಚಿತ್ರ ಬೇಕೇ, ವೃತ್ತದಲ್ಲಿರುವ ಪ್ರತಿಮೆಯ ಹತ್ತಿರ ಹೋಗಿ. ಗೋಡೆಯ ಮೇಲಿನ ಪೇಂಟಿಂಗಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಹಾಡಿನ ಸಾಲು ಎಲ್ಲಕ್ಕಿಂತ ಗೋಜಲು. ಸಾಹಿತ್ಯ, ರಾಗ, ಧ್ವನಿಮುದ್ರಣ ಮೂರಕ್ಕೂ ಬೇರೆ ಬೇರೆ ಹಕ್ಕು. ಸಾಲನ್ನು ಸುಮ್ನೆ ಟೈಪ್ ಮಾಡಿದರೂ ಮೊದಲನೆಯದು ತಾಗುತ್ತದೆ. ‘ಎರಡು ಸಾಲು ಓಕೆ’, ‘30 ಸೆಕೆಂಡ್ ಓಕೆ’ ಅನ್ನುವ ಮಾತು ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ದೆಹಲಿ ಹೈಕೋರ್ಟಿನಲ್ಲಿ ಇಂಡಿಯಾ ಟಿವಿ ಮತ್ತು ಯಶ್ ರಾಜ್ ಫಿಲ್ಮ್ಸ್ ನಡುವೆ ಇಂಥದ್ದೇ ವ್ಯಾಜ್ಯ ನಡೆಯಿತು. ಗ್ರಾಹಕರ ಜಾಗೃತಿಯ ಜಾಹೀರಾತಿನಲ್ಲಿ ಸಿನಿಮಾ ಹಾಡಿನ ಒಂದು ಸಾಲನ್ನು ಕೊಂಚ ತಿರುಚಿ ಬಳಸಿದ್ದೂ ಅದರಲ್ಲಿ ಸೇರಿತ್ತು. 2012ರಲ್ಲಿ ವಿಭಾಗೀಯ ಪೀಠ, ಇದು ಕಾನೂನು ತಲೆಕೆಡಿಸಿಕೊಳ್ಳದಷ್ಟು ಚಿಕ್ಕ ಬಳಕೆ ಅಂದಿತು. ಹಾನಿ ಎಷ್ಟು, ಉದ್ದೇಶ ಏನು ಅನ್ನುವುದನ್ನೆಲ್ಲ ತೂಗಿ ನೋಡಿ ಕೊಟ್ಟ ತೀರ್ಪು ಅದು, ಸಾಲು ಎಣಿಸಿ ಕೊಟ್ಟದ್ದಲ್ಲ.

ಮತ್ತೊಂದು ತುದಿಗೆ ಬೆಂಗಳೂರಿನದೇ ಉದಾಹರಣೆ ಇದೆ. 2022ರ ನವೆಂಬರಿನಲ್ಲಿ, ಭಾರತ್ ಜೋಡೊ ಯಾತ್ರೆಯ ವಿಡಿಯೊದಲ್ಲಿ ಕೆಜಿಎಫ್-2ರ ಸಂಗೀತ ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಿತು. ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಸಿವಿಲ್ ಕೋರ್ಟ್ ಹೇಳಿತು. ವಿಡಿಯೊ ತೆಗೆಯುತ್ತೇವೆ ಅಂದ ಮೇಲೆ ಹೈಕೋರ್ಟ್ ಆ ಆದೇಶ ತೆರವು ಮಾಡಿತು. ರಾಷ್ಟ್ರೀಯ ಪಕ್ಷದ ಖಾತೆಗೇ ಹೀಗಾಯಿತು, ನಮ್ಮ ಪುಟ ಯಾವ ಲೆಕ್ಕ, ಅಲ್ವಾ?

ಹಾಡು ಬೇಕೇ ಬೇಕು ಅಂದರೆ ಆ್ಯಪ್‌ನಲ್ಲೇ ಇರುವ ಮ್ಯೂಸಿಕ್ ಪಟ್ಟಿಯಿಂದ ಸೇರಿಸುವುದು ವಾಸಿ. ಆದರೆ ಅದು ಸ್ವಂತ ಖುಷಿಯ ಬಳಕೆಗೆ. ವ್ಯಾಪಾರದ ಖಾತೆಗೆ ಸಿಗುವ ಪಟ್ಟಿಯೇ ಬೇರೆ, ಚಿಕ್ಕದು. ಸ್ಲೈಡಿನ ಮೇಲೆ ಸಾಲು ನಾನೇ ಬರೆಯುತ್ತೇನೆ, ಕವಿತ್ವ ಸಾಲದಿದ್ದರೂ ಪರವಾಗಿಲ್ಲ.

ಕಳೆದ ರಾಜ್ಯೋತ್ಸವಕ್ಕೆ ಗೋವಿಂದ ಪೈಗಳ ನಾಲ್ಕು ಸಾಲು ಹಾಕಿದೆ. ಮೊದಲ ಸ್ಲೈಡಿಗೆ ಅದೇ ಹಂಪಿ ಫೋಟೊ ಬೇಕೆನಿಸಿತು. ಆ ಫೋಟೊಗ್ರಾಫರಿಗೇ ಮೆಸೇಜ್ ಮಾಡಿದೆ: ಯಾವ ಪುಟಕ್ಕೆ, ಎಷ್ಟು ಸ್ಲೈಡಿಗೆ, ಜಾಹೀರಾತು ಇಲ್ಲ, ಮೇಲೆ ಅಕ್ಷರ ಬರುತ್ತದೆ, ಎಲ್ಲ ಬಿಡಿಸಿ ಬರೆದೆ. “ಹಾಕಿ ಸರ್. ಹೆಸರಲ್ಲಿ ಮಾತ್ರ ಒತ್ತಕ್ಷರ ತಪ್ಪಬೇಡಿ” ಅಂದರು. ಆ ಉತ್ತರದ ಸ್ಕ್ರೀನ್‌ಶಾಟ್ ಫೋಟೊದ ಜೊತೆಯಲ್ಲೇ ಫೋಲ್ಡರಿನಲ್ಲಿದೆ.