ಹಿಮೋಫಿಲಿಯಾದಲ್ಲಿ ಪಿಟಿ ಏಕೆ ನಾರ್ಮಲ್? ಎರಡು ಟೆಸ್ಟ್ ಟ್ಯೂಬುಗಳ ಒಳಗಿನ ಕಥೆ

ಕ್ಲಾಟಿಂಗ್ ಕ್ಯಾಸ್ಕೇಡ್‌ನ ಚಿತ್ರವನ್ನು ನಾವೆಲ್ಲ ಎರಡು ಕವಲುಗಳಾಗಿ ಬಾಯಿಪಾಠ ಮಾಡಿರುತ್ತೇವೆ. ಎಡಗಡೆ ಫ್ಯಾಕ್ಟರ್ 12, 11, 9, 8. ಬಲಗಡೆ ಟಿಶ್ಯೂ ಫ್ಯಾಕ್ಟರ್ ಮತ್ತು 7. ಎರಡೂ ಫ್ಯಾಕ್ಟರ್ 10ರಲ್ಲಿ ಕೂಡಿ, 5ರ ನೆರವಿನಿಂದ ಪ್ರೋಥ್ರಾಂಬಿನ್ ಥ್ರಾಂಬಿನ್ ಆಗುತ್ತದೆ, ಅದು ಫೈಬ್ರಿನೋಜನ್ನನ್ನು ಫೈಬ್ರಿನ್ ಮಾಡುತ್ತದೆ. ಎಡಗಡೆಯದನ್ನು ಎಪಿಟಿಟಿ ಅಳೆಯುತ್ತದೆ, ಬಲಗಡೆಯದನ್ನು ಪಿಟಿ. ಕೆಳಗಿನ ಪಾಲು ಇಬ್ಬರಿಗೂ ಸೇರಿದ್ದು.

ಪರೀಕ್ಷೆಯಲ್ಲಿ ಮಾರ್ಕ್ಸ್ ಬರಲು ಇಷ್ಟು ಸಾಕು. ಆದರೆ ಸ್ವಲ್ಪ ಯೋಚಿಸಿದರೆ ಒಂದು ಕಡೆ ತಡೆಯುತ್ತದೆ. ಹಿಮೋಫಿಲಿಯಾ ಎ ಇರುವ ಮಗುವಿಗೆ ಫ್ಯಾಕ್ಟರ್ 8 ಇಲ್ಲ, ಸರಿ. ಬಲಗಡೆಯ ದಾರಿ ಪೂರ್ತಿ ತೆರೆದೇ ಇದೆ, ಪಿಟಿಯೂ ನಾರ್ಮಲ್. ಹಾಗಿದ್ದಮೇಲೆ ಆ ದಾರಿಯಿಂದಲೇ ರಕ್ತ ಹೆಪ್ಪುಗಟ್ಟಬೇಕಿತ್ತಲ್ಲ, ಮಂಡಿಯೊಳಗೆ ರಕ್ತ ತುಂಬಿಕೊಳ್ಳುವುದೇಕೆ? ಇದಕ್ಕೆ ಉತ್ತರ ಸಿಗಬೇಕಾದರೆ ಲ್ಯಾಬಿನವರು ಟ್ಯೂಬಿಗೆ ಏನು ಹಾಕುತ್ತಾರೆಂದು ನೋಡಬೇಕು.

ಟ್ಯೂಬಿನೊಳಗೆ

ರಕ್ತವನ್ನು ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿಗೆ ತೆಗೆಯುತ್ತಾರೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತ ಹೆಪ್ಪುಗಟ್ಟದೆ ಕಾಯುತ್ತದೆ. ಸೆಂಟ್ರಿಫ್ಯೂಜ್ ಮಾಡಿ ಪ್ಲೇಟ್‌ಲೆಟ್ ಬಹುತೇಕ ಇಲ್ಲದ ಪ್ಲಾಸ್ಮಾ ತೆಗೆದು, 37 ಡಿಗ್ರಿಯಲ್ಲಿ ಟೆಸ್ಟ್ ಮಾಡುತ್ತಾರೆ.

ಪಿಟಿಗೆ ಹಾಕುವುದು ಥ್ರಾಂಬೋಪ್ಲಾಸ್ಟಿನ್: ಟಿಶ್ಯೂ ಫ್ಯಾಕ್ಟರ್, ಫಾಸ್ಫೋಲಿಪಿಡ್ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಇರುವ ರೀಏಜೆಂಟ್. ಹಾಕಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಸುಮಾರು 11ರಿಂದ 14 ಸೆಕೆಂಡಿನಲ್ಲಿ ಫೈಬ್ರಿನ್ ಕಾಣಿಸಿಕೊಳ್ಳುತ್ತದೆ. ಲ್ಯಾಬಿನಿಂದ ಲ್ಯಾಬಿಗೆ ಈ ವ್ಯಾಪ್ತಿ ಬದಲಾಗುತ್ತದೆ, ಹಾಗಾಗಿ ರಿಪೋರ್ಟಿನ ಕಂಟ್ರೋಲ್ ನೋಡದೆ ಓದಬೇಡಿ.

ಎಪಿಟಿಟಿಯಲ್ಲಿ ಟಿಶ್ಯೂ ಫ್ಯಾಕ್ಟರ್ ಇರುವುದೇ ಇಲ್ಲ. ಫಾಸ್ಫೋಲಿಪಿಡ್ ಜೊತೆ ಕೇಯೋಲಿನ್, ಸಿಲಿಕಾ ಅಥವಾ ಎಲಾಜಿಕ್ ಆಸಿಡ್‌ನಂಥ ಒಂದು ಆಕ್ಟಿವೇಟರ್ ಹಾಕಿ ಕೆಲವು ನಿಮಿಷ ಬಿಡುತ್ತಾರೆ. ಋಣ ವಿದ್ಯುದಾವೇಶವಿರುವ ಆ ಮೇಲ್ಮೈಗೆ ತಾಗಿ ಫ್ಯಾಕ್ಟರ್ 12 ಎಚ್ಚರಗೊಳ್ಳುತ್ತದೆ, ಅದು 11ನ್ನು ಎಬ್ಬಿಸುತ್ತದೆ. ಕ್ಯಾಲ್ಸಿಯಂ ಇಲ್ಲದ್ದರಿಂದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದಾಗಲೇ ಸಮಯ ಎಣಿಸಲು ಶುರು. ಸಾಮಾನ್ಯವಾಗಿ 25ರಿಂದ 36 ಸೆಕೆಂಡ್ ಹಿಡಿಯುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಪಿಟಿ ಟ್ಯೂಬಿಗೆ ಸುರಿಯುವ ಟಿಶ್ಯೂ ಫ್ಯಾಕ್ಟರ್ ಪ್ರಮಾಣ ಮೈಯಲ್ಲಿ ಗಾಯದ ಜಾಗದಲ್ಲಿ ಸಿಗುವುದಕ್ಕಿಂತ ತೀರಾ ಹೆಚ್ಚು. ಅಷ್ಟಿದ್ದರೆ ಟಿಶ್ಯೂ ಫ್ಯಾಕ್ಟರ್ ಮತ್ತು ಸಕ್ರಿಯ 7ರ ಜೋಡಿ ನೇರವಾಗಿ ಬೇಕಾದಷ್ಟು ಫ್ಯಾಕ್ಟರ್ 10ನ್ನು ಸಕ್ರಿಯಗೊಳಿಸಿಬಿಡುತ್ತದೆ. 8 ಮತ್ತು 9ರ ಸಹಾಯ ಕೇಳುವ ಗೋಜಿಗೇ ಹೋಗುವುದಿಲ್ಲ. ಮೈಯಲ್ಲಿ ಕಥೆ ಬೇರೆ. ಅಲ್ಲಿ ಆ ಜೋಡಿ ಒಂದಿಷ್ಟು ಸಕ್ರಿಯ 10 ಮಾಡುವಷ್ಟರಲ್ಲಿ ಟಿಶ್ಯೂ ಫ್ಯಾಕ್ಟರ್ ಪಾಥ್‌ವೇ ಇನ್‌ಹಿಬಿಟರ್ ಬಂದು ಅದನ್ನು ಕಟ್ಟಿಹಾಕುತ್ತದೆ. ಆ ಕಿರು ಅವಕಾಶದಲ್ಲಿ ಎರಡು ಕೆಲಸ ನಡೆದಿರುತ್ತವೆ: ಚೂರು ಥ್ರಾಂಬಿನ್ ಹುಟ್ಟಿದೆ, ಸ್ವಲ್ಪ ಫ್ಯಾಕ್ಟರ್ 9 ಸಕ್ರಿಯವಾಗಿದೆ. ಆ ಥ್ರಾಂಬಿನ್ 5, 8, 11ನ್ನು ಎಬ್ಬಿಸುತ್ತದೆ. ಬಳಿಕ 8 ಮತ್ತು 9 ಪ್ಲೇಟ್‌ಲೆಟ್ ಮೇಲ್ಮೈಯಲ್ಲಿ ಜೊತೆಗೂಡಿ ಫ್ಯಾಕ್ಟರ್ 10ನ್ನು ದೊಡ್ಡ ಪ್ರಮಾಣದಲ್ಲಿ ಸಕ್ರಿಯಗೊಳಿಸುತ್ತವೆ. ಗಟ್ಟಿ ಹೆಪ್ಪಿಗೆ ಬೇಕಾದ ಥ್ರಾಂಬಿನ್ ಬರುವುದು ಈ ಎರಡನೇ ಸುತ್ತಿನಲ್ಲಿ. ಹಿಮೋಫಿಲಿಯಾದಲ್ಲಿ ಕೈಕೊಡುವುದೂ ಇದೇ. ಥ್ರಾಂಬೋಪ್ಲಾಸ್ಟಿನ್ನನ್ನು ಚೆನ್ನಾಗಿ ತೆಳು ಮಾಡಿ ಪಿಟಿ ಮಾಡಿದರೆ ಹಿಮೋಫಿಲಿಯಾ ಪ್ಲಾಸ್ಮಾದಲ್ಲೂ ಸಮಯ ಉದ್ದವಾಗುತ್ತದೆ ಎಂಬುದು ಈ ಮಾತಿಗೆ ಒಳ್ಳೆಯ ಸಾಕ್ಷಿ.

ಒಂದೇ ರಿಪೋರ್ಟ್, ಎರಡು ಮಕ್ಕಳು

ಅಭ್ಯಾಸಕ್ಕೆಂದು ಎರಡು ಕೇಸ್ ಕಟ್ಟಿದ್ದೇನೆ. ಮೊದಲನೆಯದು ಮೂರು ವರ್ಷದ ಹುಡುಗ. ಸಣ್ಣದಾಗಿ ಬಿದ್ದ ಮೇಲೆ ಮಂಡಿ ಊದಿಕೊಂಡಿದೆ. ಸೋದರಮಾವನಿಗೂ ಇದೇ ತೊಂದರೆ. ಎರಡನೆಯದು ಒಂಬತ್ತು ವರ್ಷದ ಹುಡುಗಿ, ಟಾನ್ಸಿಲ್ ಆಪರೇಷನ್‌ಗೆ ಮುಂಚೆ ರೂಢಿಯಂತೆ ಟೆಸ್ಟ್ ಮಾಡಿಸಿದ್ದಾರೆ. ಹಲ್ಲು ಬಿದ್ದಾಗಲೂ, ಗಾಯವಾಗಿ ಹೊಲಿಗೆ ಹಾಕಿದಾಗಲೂ ಏನೂ ಆಗಿಲ್ಲ. ಇಬ್ಬರದೂ ಪಿಟಿ 12.6 ಸೆಕೆಂಡ್, ಪ್ಲೇಟ್‌ಲೆಟ್ ಸರಿಯಾಗಿದೆ. ಎಪಿಟಿಟಿ ಹುಡುಗನದು 84, ಹುಡುಗಿಯದು 96. ಕಂಟ್ರೋಲ್ 31.

ಪಿಟಿ ನಾರ್ಮಲ್ ಆದ್ದರಿಂದ 7, 10, 5, 2, 1 ಬಿಟ್ಟುಬಿಡಬಹುದು. ಉಳಿದದ್ದು 12, 11, 9, 8. ಹೆಪಾರಿನ್ ಹಾಕಿದ ಲೈನಿನಿಂದ ರಕ್ತ ತೆಗೆದಿಲ್ಲ ತಾನೇ ಎಂದು ಇಲ್ಲೇ ಕೇಳಿಕೊಳ್ಳಿ. ಬಹಳಷ್ಟು ಪಿಟಿ ರೀಏಜೆಂಟುಗಳಲ್ಲಿ ಹೆಪಾರಿನ್ನನ್ನು ತಟಸ್ಥಗೊಳಿಸುವ ವಸ್ತು ಇರುವುದರಿಂದ, ಸ್ವಲ್ಪ ಹೆಪಾರಿನ್ ಬೆರೆತಾಗಲೂ ರಿಪೋರ್ಟ್ ಥೇಟ್ ಹೀಗೇ ಬರುತ್ತದೆ.

ಮುಂದಿನದು ಮಿಕ್ಸಿಂಗ್ ಸ್ಟಡಿ. ರೋಗಿಯ ಪ್ಲಾಸ್ಮಾಕ್ಕೆ ಅಷ್ಟೇ ನಾರ್ಮಲ್ ಪ್ಲಾಸ್ಮಾ ಬೆರೆಸಿ ಮತ್ತೆ ಎಪಿಟಿಟಿ ನೋಡುತ್ತಾರೆ. ಫ್ಯಾಕ್ಟರ್ ಪೂರ್ತಿ ಶೂನ್ಯವಿದ್ದರೂ ಮಿಶ್ರಣದಲ್ಲಿ ಸುಮಾರು 50 ಪರ್ಸೆಂಟ್ ಆಗುತ್ತದೆ. ಸಮಯ ಸರಿಹೋಗಲು ಅದು ಸಾಕು. ಸರಿಹೋಗದಿದ್ದರೆ ಲೂಪಸ್ ಆಂಟಿಕೋಆಗ್ಯುಲಂಟ್‌ನಂಥ ಯಾವುದೋ ತಡೆ ಇದೆ ಎಂದರ್ಥ. ಫ್ಯಾಕ್ಟರ್ 8ರ ವಿರುದ್ಧದ ಆಂಟಿಬಾಡಿ ಮಾತ್ರ ನಿಧಾನಿ: ಬೆರೆಸಿದ ತಕ್ಷಣ ಎಲ್ಲ ಸರಿಯಾದಂತೆ ಕಂಡು, 37 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟಮೇಲೆ ಮತ್ತೆ ಉದ್ದವಾಗುತ್ತದೆ. ನಮ್ಮ ಇಬ್ಬರು ಮಕ್ಕಳದೂ ಬೆರೆಸಿದ ತಕ್ಷಣ 34ರ ಆಸುಪಾಸಿಗೆ ಇಳಿದು, ಎರಡು ಗಂಟೆಯ ನಂತರವೂ ಅಲ್ಲೇ ನಿಂತಿತು. ಅಂದರೆ ಇಬ್ಬರಿಗೂ ಕೊರತೆ.

ಯಾವುದರ ಕೊರತೆ ಎಂಬುದು ಫ್ಯಾಕ್ಟರ್ ಅಸ್ಸೇಯಲ್ಲಿ ತಿಳಿಯಿತು. ಹುಡುಗನಿಗೆ ಫ್ಯಾಕ್ಟರ್ 8 ಒಂದು ಪರ್ಸೆಂಟಿಗಿಂತ ಕಡಿಮೆ, ತೀವ್ರ ಹಿಮೋಫಿಲಿಯಾ ಎ. ಹುಡುಗಿಗೆ 8, 9, 11 ಮೂರೂ ಚೆನ್ನಾಗಿವೆ, ಇಲ್ಲದಿರುವುದು 12. ಎಪಿಟಿಟಿ ಅವಳದೇ ಹೆಚ್ಚು, ಆದರೂ ಅವಳಿಗೆ ರಕ್ತಸ್ರಾವದ ಅಪಾಯ ಇಲ್ಲ. ಆಪರೇಷನ್‌ಗೆ ಪ್ಲಾಸ್ಮಾ ಕೊಡುವ ಅಗತ್ಯವೂ ಇಲ್ಲ. ಮೇಲೆ ಹೇಳಿದ ಮೈಯೊಳಗಿನ ಕ್ರಮದಲ್ಲಿ 12ರ ಹೆಸರೇ ಬಂದಿಲ್ಲ ಎಂಬುದನ್ನು ಗಮನಿಸಿ. 11ನ್ನು ಥ್ರಾಂಬಿನ್ನೇ ಎಬ್ಬಿಸುತ್ತದೆ. 12 ಬೇಕಾಗುವುದು ಕೇಯೋಲಿನ್ ಹಾಕಿದ ಟ್ಯೂಬಿಗೆ. ಈ ಕೊರತೆಯನ್ನು 1955ರಲ್ಲಿ ಆಸ್ಕರ್ ರ‍್ಯಾಟ್ನಾಫ್ ಮತ್ತು ಜೋನ್ ಕೊಲೋಪಿ ಮೊದಲು ವರದಿ ಮಾಡಿದ ರೋಗಿ ಜಾನ್ ಹೇಗ್‌ಮನ್‌ಗೂ ರಕ್ತಸ್ರಾವದ ತೊಂದರೆ ಇರಲಿಲ್ಲ. ವರ್ಷಗಳ ಮೇಲೆ ಬಿದ್ದು ಮೂಳೆ ಮುರಿದುಕೊಂಡು ಅವರು ತೀರಿಕೊಂಡದ್ದು ಪಲ್ಮನರಿ ಎಂಬಾಲಿಸಂನಿಂದ, ಅಂದರೆ ರಕ್ತ ಹೆಪ್ಪುಗಟ್ಟಿಯೇ.

ಪಿಟಿ ಒಂದೇ ಉದ್ದವಾದಾಗ

ಇಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಕಡಿಮೆ, ಆರೋಪಿ ಫ್ಯಾಕ್ಟರ್ 7. ಹುಟ್ಟಿನಿಂದಲೇ ಅದರ ಕೊರತೆ ಇರುವುದು ಅಪರೂಪ. ದಿನನಿತ್ಯ ಕಾಣುವುದು ವಾರ್ಫರಿನ್, ವಿಟಮಿನ್ ಕೆ ಕೊರತೆ, ಲಿವರ್ ಕಾಯಿಲೆ. ವಿಟಮಿನ್ ಕೆ ಬೇಕಾಗುವ 2, 7, 9, 10ರಲ್ಲಿ 7ರ ಅರ್ಧಾಯುಷ್ಯ ಕೆಲವೇ ಗಂಟೆ, ಪ್ರೋಥ್ರಾಂಬಿನ್‌ನದು ಎರಡೂವರೆ ದಿನದಷ್ಟು. ಹಾಗಾಗಿ ಮೊದಲು ಪಿಟಿ ಏರುತ್ತದೆ, ಎಪಿಟಿಟಿ ಹಿಂದಿನಿಂದ ಬರುತ್ತದೆ. ವಾರ್ಫರಿನ್ ಶುರುಮಾಡಿದ ಎರಡನೇ ದಿನ ಐಎನ್ಆರ್ 2 ಮುಟ್ಟಿದರೂ ಹೆಪಾರಿನ್ ನಿಲ್ಲಿಸದೆ ಕನಿಷ್ಠ ಐದು ದಿನ ಜೊತೆಗೆ ಕೊಡುವುದು ಇದಕ್ಕಾಗಿಯೇ. ಇಳಿದದ್ದು 7 ಮಾತ್ರ, ಪ್ರೋಥ್ರಾಂಬಿನ್ ಇನ್ನೂ ಸಾಕಷ್ಟಿದೆ.

ಸುಳ್ಳು ರಿಪೋರ್ಟ್, ನಿಜವಾದ ಕುರುಡು ಜಾಗ

ಎರಡೂ ಟೆಸ್ಟ್ ಕಾರಣವಿಲ್ಲದೆ ಸ್ವಲ್ಪ ಸ್ವಲ್ಪ ಉದ್ದವಾಗಿದ್ದರೆ ಟ್ಯೂಬ್ ಗೆರೆಯ ತನಕ ತುಂಬಿತ್ತೇ ಎಂದು ಕೇಳಿ. ರಕ್ತ ಕಡಿಮೆಯಾದರೆ ಸಿಟ್ರೇಟ್ ಹೆಚ್ಚಾಗಿ, ಲ್ಯಾಬ್ ಹಾಕುವ ಕ್ಯಾಲ್ಸಿಯಂ ಅನ್ನು ಅದೇ ನುಂಗುತ್ತದೆ. ಹೆಮಟೋಕ್ರಿಟ್ 55 ದಾಟಿದವರಲ್ಲಿ ಗೆರೆಯ ತನಕ ತುಂಬಿದರೂ ಇದೇ ಪಾಡು, ಏಕೆಂದರೆ ಒಳಗೆ ಪ್ಲಾಸ್ಮಾ ಕಡಿಮೆ.

ಎಪಿಟಿಟಿ ಉದ್ದವಾಗಲು ಫ್ಯಾಕ್ಟರ್ ಸುಮಾರು 30–40 ಪರ್ಸೆಂಟಿಗಿಂತ ಕೆಳಗಿಳಿಯಬೇಕು, ಆದ್ದರಿಂದ ಸೌಮ್ಯ ಹಿಮೋಫಿಲಿಯಾ ತಪ್ಪಿಸಿಕೊಳ್ಳಬಹುದು. ಪ್ಲೇಟ್‌ಲೆಟ್ ದೋಷಗಳು ಎರಡಕ್ಕೂ ಕಾಣುವುದಿಲ್ಲ. ಫ್ಯಾಕ್ಟರ್ 13 ಅಂತೂ ಇಲ್ಲವೇ ಇಲ್ಲ: ಫೈಬ್ರಿನ್ ಎಳೆ ಕಂಡೊಡನೆ ಯಂತ್ರ ಸಮಯ ನಿಲ್ಲಿಸುತ್ತದೆ, ಆ ಎಳೆಗಳನ್ನು ಒಂದಕ್ಕೊಂದು ಬೆಸೆಯುವ 13ರ ಕೆಲಸ ಶುರುವಾಗುವುದು ಅದಾದ ಮೇಲೆ. ನವಜಾತ ಶಿಶುವಿನ ಹೊಕ್ಕುಳಿಂದ ರಕ್ತ ಜಿನುಗುತ್ತಲೇ ಇದ್ದು, ಪಿಟಿ, ಎಪಿಟಿಟಿ, ಪ್ಲೇಟ್‌ಲೆಟ್ ಮೂರೂ ಸರಿಯಿದ್ದರೆ 13ರ ಅಸ್ಸೇ ಕೇಳಿ. ಅದು ಸಿಗದ ಕಡೆ ಹೆಪ್ಪನ್ನು 5 ಮೋಲಾರ್ ಯೂರಿಯಾದಲ್ಲಿ ಹಾಕಿಡುತ್ತಾರೆ. 13 ತೀರಾ ಇಲ್ಲದಿದ್ದರೆ ಅದು ಕರಗಿಹೋಗುತ್ತದೆ.