ಅಯಾನೀಕರಣ ಶಕ್ತಿ: ಆಕ್ಸಿಜನ್ ಹತ್ತಿರ ಯಾಕೆ ಇಳಿಯುತ್ತದೆ?

ಅನಿಲ ರೂಪದಲ್ಲಿ ಒಂಟಿಯಾಗಿರುವ ಪರಮಾಣುವಿನಿಂದ ಅತಿ ಸಡಿಲವಾಗಿ ಅಂಟಿಕೊಂಡಿರುವ ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿಯೇ ಅಯಾನೀಕರಣ ಶಕ್ತಿ. ಎಲೆಕ್ಟ್ರಾನ್ ಹೋದಮೇಲೆ ಉಳಿಯುವುದು ಧನ ಅಯಾನು, ಹೆಸರು ಬಂದದ್ದು ಅದರಿಂದಲೇ. ಇದನ್ನು ಒಂದು ಮೋಲ್ ಪರಮಾಣುಗಳಿಗೆ ಇಷ್ಟು ಕಿಲೋಜೂಲ್ ಎಂದು ಹೇಳುತ್ತಾರೆ.

ಆವರ್ತ ಕೋಷ್ಟಕದ ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದರೆ ಪರಮಾಣುವಿನ ಗಾತ್ರ ಕುಗ್ಗುತ್ತದೆ, ಈ ಶಕ್ತಿ ಏರುತ್ತದೆ. ಪ್ರತಿ ಹೆಜ್ಜೆಗೂ ಕೇಂದ್ರದಲ್ಲಿ ಒಂದು ಪ್ರೋಟಾನ್ ಜಾಸ್ತಿ ಆಗುತ್ತದೆ, ಹೊಸ ಎಲೆಕ್ಟ್ರಾನ್ ಮಾತ್ರ ಅದೇ ಕವಚಕ್ಕೆ ಸೇರುತ್ತದೆ. ಒಂದೇ ಕವಚದವು ಒಂದಕ್ಕೊಂದು ಅಷ್ಟಾಗಿ ಮರೆಯಾಗುವುದಿಲ್ಲ, ಹಾಗಾಗಿ ಸೆಳೆತ ಬಿಗಿಯಾಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಪರೀಕ್ಷೆಯಲ್ಲಿ ಕೇಳುವುದು ಇದು ತಪ್ಪುವ ಜಾಗಗಳನ್ನು.

ಎರಡನೇ ಸಾಲನ್ನೇ ನೋಡೋಣ. ಲಿಥಿಯಂ 520, ಬೆರಿಲಿಯಂ 899, ಬೋರಾನ್ 801, ಕಾರ್ಬನ್ 1086, ನೈಟ್ರೋಜನ್ 1402, ಆಕ್ಸಿಜನ್ 1314, ಫ್ಲೋರಿನ್ 1681, ನಿಯಾನ್ 2081. ಎರಡು ಕಡೆ ಇಳಿತ ಕಾಣುತ್ತದೆ, ಅಲ್ವಾ?

ಮೊದಲ ಇಳಿತ ಬೋರಾನ್‌ನಲ್ಲಿ. ಬೆರಿಲಿಯಂನಲ್ಲಿ ಕೀಳಬೇಕಾದದ್ದು 2s ಎಲೆಕ್ಟ್ರಾನ್, ಬೋರಾನ್‌ನಲ್ಲಿ 2p. ಈ 2p ಕೇಂದ್ರದ ಹತ್ತಿರ ಕಡಿಮೆ ಸುಳಿಯುತ್ತದೆ, ಒಳಗಿನ 2s ಜೋಡಿಯೂ ಅದಕ್ಕೆ ಸ್ವಲ್ಪ ಮರೆಯಾಗುತ್ತದೆ. ಪ್ರೋಟಾನ್ ಒಂದು ಹೆಚ್ಚಿದ್ದರೂ ಅದನ್ನು ಕೀಳುವುದು ಸುಲಭ.

ಎರಡನೆಯದಕ್ಕೆ ಹೆಚ್ಚಿನವರು ಬರೆಯುವ ಉತ್ತರ: "ನೈಟ್ರೋಜನ್‌ನಲ್ಲಿ ಅರ್ಧ ತುಂಬಿದ p ಇದೆ, ಅದು ಸ್ಥಿರ." ಅಂಕ ಸಿಗುತ್ತದೆ, ಆದರೆ ಅರ್ಥವಾದ ಹಾಗಾಗಲಿಲ್ಲ. ಅಂಕಿಗಳನ್ನು ಕಳೆದು ನೋಡಿ. ಬೋರಾನ್‌ನಿಂದ ಕಾರ್ಬನ್‌ಗೆ 285 ಏರಿಕೆ, ಕಾರ್ಬನ್‌ನಿಂದ ನೈಟ್ರೋಜನ್‌ಗೆ 316. ನೈಟ್ರೋಜನ್ ತನ್ನ ಸಾಲಿನ ಓಟದಲ್ಲೇ ಇದೆ, ವಿಶೇಷವಾಗಿ ಎತ್ತರಕ್ಕೆ ಜಿಗಿದಿಲ್ಲ. ಅದೇ ಓಟ ಮುಂದುವರಿದಿದ್ದರೆ ಆಕ್ಸಿಜನ್ 1700ರ ಆಸುಪಾಸು ಇರಬೇಕಿತ್ತು. ಇರುವುದು 1314. ಕೆಳಗೆ ಬಿದ್ದದ್ದು ಆಕ್ಸಿಜನ್. ನೈಟ್ರೋಜನ್‌ನ ಮೂರು 2p ಎಲೆಕ್ಟ್ರಾನ್‌ಗಳು ಮೂರು ಬೇರೆ ಬೇರೆ ಕಕ್ಷಕಗಳಲ್ಲಿ, ಒಂದೇ ದಿಕ್ಕಿನ ಸ್ಪಿನ್‌ನಲ್ಲಿ ಇರುತ್ತವೆ. ಆಕ್ಸಿಜನ್‌ನ ನಾಲ್ಕನೆಯದಕ್ಕೆ ಖಾಲಿ ಜಾಗವಿಲ್ಲ, ಆಗಲೇ ಒಂದು ಎಲೆಕ್ಟ್ರಾನ್ ಇರುವ ಕಕ್ಷಕಕ್ಕೇ ಅದು ವಿರುದ್ಧ ಸ್ಪಿನ್‌ನಲ್ಲಿ ಸೇರಬೇಕು. ಅಲ್ಲಿ ವಿಕರ್ಷಣೆ ಜಾಸ್ತಿ, ಸುಲಭವಾಗಿ ಹೊರಬರುತ್ತದೆ. ಅಲ್ಲಿಂದ ಮುಂದೆ ಫ್ಲೋರಿನ್, ನಿಯಾನ್ ಮತ್ತೆ ಏರುತ್ತವೆ, ಆದರೆ ಈ ಕೆಳಗಿನ ಮೆಟ್ಟಿಲಿನಿಂದ.

ಗಾತ್ರದಲ್ಲಿ ಈ ಏರುಪೇರು ಕಾಣುವುದಿಲ್ಲ. "ಆಕ್ಸಿಜನ್‌ನ ಅಯಾನೀಕರಣ ಶಕ್ತಿ ಕಡಿಮೆ, ಹಾಗಾದರೆ ಅದು ನೈಟ್ರೋಜನ್‌ಗಿಂತ ದೊಡ್ಡದು" ಎಂದು ಬರೆದರೆ ತಪ್ಪು. ಆಕ್ಸಿಜನ್ನೇ ಚಿಕ್ಕದು.

ಕಾರಣ ನಿಜಕ್ಕೂ ತಿಳಿದಿದೆಯೇ ಎಂದು ಪರೀಕ್ಷಿಸಲು ಎರಡನೇ ಅಯಾನೀಕರಣದ ಪ್ರಶ್ನೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೋರಾನ್, ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್: ಇವನ್ನು ಎರಡನೇ ಅಯಾನೀಕರಣ ಶಕ್ತಿಯ ಏರಿಕೆ ಕ್ರಮದಲ್ಲಿ ಜೋಡಿಸಿ ಎನ್ನುತ್ತಾರೆ. ಮೊದಲ ಕ್ರಮವನ್ನೇ ಬರೆದುಬಿಟ್ಟರೆ ಕೆಟ್ಟಿತು. ಮೊದಲು ಒಂದೊಂದು ಎಲೆಕ್ಟ್ರಾನ್ ತೆಗೆದು ಉಳಿದದ್ದನ್ನು ಬರೆದುಕೊಳ್ಳಿ:

B⁺ : 2s²
C⁺ : 2s² 2p¹
N⁺ : 2s² 2p²
O⁺ : 2s² 2p³
F⁺ : 2s² 2p⁴

ಈಗ ಇದು ಬೆರಿಲಿಯಂನಿಂದ ಆಕ್ಸಿಜನ್‌ವರೆಗಿನ ಹಳೇ ಪಟ್ಟಿಯೇ, ಒಂದು ಮನೆ ಬಲಕ್ಕೆ ಸರಿದಿದೆ ಅಷ್ಟೇ. ಹಾಗಾಗಿ ಇಳಿತಗಳೂ ಸರಿಯುತ್ತವೆ. ಕಾರ್ಬನ್ (2353) ಬೋರಾನ್‌ಗಿಂತ (2427) ಕೆಳಗೆ, ಫ್ಲೋರಿನ್ (3374) ಆಕ್ಸಿಜನ್‌ಗಿಂತ (3388) ಕೆಳಗೆ. ನೈಟ್ರೋಜನ್ 2856. ಉತ್ತರ: C < B < N < F < O. ಫ್ಲೋರಿನ್ ಮತ್ತು ಆಕ್ಸಿಜನ್ ನಡುವೆ ಅಂತರ ಬರೀ 14, ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ. ಪಟ್ಟಿಯಲ್ಲಿ ಲಿಥಿಯಂ ಇದ್ದರೆ ಅದಕ್ಕೆ ಕೊನೆಯ ಜಾಗ. ಅಲ್ಲಿ ಎರಡನೆಯದನ್ನು ಒಳಗಿನ 1s ಕವಚದಿಂದ ಕೀಳಬೇಕು, 7298 ಬೇಕಾಗುತ್ತದೆ.

ಗಾತ್ರದ ಕಡೆ ತಪ್ಪದೇ ಕೇಳುವುದು ಅಲ್ಯೂಮಿನಿಯಂ ಮತ್ತು ಗ್ಯಾಲಿಯಂ ಜೋಡಿ. ಗುಂಪಿನಲ್ಲಿ ಕೆಳಗೆ ಹೋದರೆ ಗಾತ್ರ ಹೆಚ್ಚಬೇಕು, ಆದರೆ ಅಲ್ಯೂಮಿನಿಯಂ ತ್ರಿಜ್ಯ 143 ಪಿಕೋಮೀಟರ್, ಗ್ಯಾಲಿಯಂ 135. ಗ್ಯಾಲಿಯಂ ಬರುವ ಮೊದಲು ಹತ್ತು 3d ಎಲೆಕ್ಟ್ರಾನ್‌ಗಳು ತುಂಬಿರುತ್ತವೆ, ಜೊತೆಗೆ ಹತ್ತು ಪ್ರೋಟಾನ್‌ಗಳೂ. d ಎಲೆಕ್ಟ್ರಾನ್‌ಗಳು ಚೆನ್ನಾಗಿ ಮರೆಮಾಡುವುದಿಲ್ಲ, ಸೆಳೆತ ಹೊರಗಿನವರೆಗೂ ತಲುಪುತ್ತದೆ. ಅಯಾನೀಕರಣ ಶಕ್ತಿಯೂ ಇದಕ್ಕೆ ಸಾಕ್ಷಿ: ಅಲ್ಯೂಮಿನಿಯಂ 577, ಗ್ಯಾಲಿಯಂ 579. ಇಳಿಯಬೇಕಾದ ಕಡೆ ಒಂಚೂರು ಏರಿದೆ.