28 ದಿನದ ಚಾರ್ಟು, 34 ದಿನದ ಮುಟ್ಟು

ಪುಣೆಯ ಕೋಥ್ರೂಡಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳ ಫ್ರಿಜ್ಜಿನ ಮೇಲೆ ಮುಟ್ಟಾದ ದಿನದಿಂದ ಎಣಿಸಿ ಯಾವಾಗ ಯಾವ ವ್ಯಾಯಾಮ, ಯಾವ ಬೀಜ ಎಂದು ಹೇಳುವ ನಾಲ್ಕು ಬಣ್ಣದ ಚಾರ್ಟ್ ಅಂಟಿಕೊಂಡಿದೆ. 1ರಿಂದ 5ನೇ ದಿನ ವಿಶ್ರಾಂತಿ, 13ರವರೆಗೆ ಓಟ, 16ರವರೆಗೆ ಭಾರ ಎತ್ತುವುದು, 17ರಿಂದ ಬರೀ ಯೋಗ, ನಡಿಗೆ. ಮೊದಲರ್ಧಕ್ಕೆ ಅಗಸೆ, ಕುಂಬಳ ಬೀಜ. ಆಮೇಲೆ ಎಳ್ಳು, ಸೂರ್ಯಕಾಂತಿ. ವಿಜಯಪುರದಿಂದ ಅವ್ವ ಕಳಿಸುವ ಅಗಸೆ ಚಟ್ನಿಪುಡಿಯ ಡಬ್ಬಿಯನ್ನೂ 15ನೇ ದಿನದಿಂದ ಎತ್ತಿಡುತ್ತಾಳೆ. "17ರ ಮ್ಯಾಲ ಭಾರ ಎತ್ತಿದ್ರ ಹಾರ್ಮೋನ್ ಕೆಡ್ತಾವಂತ ಅಕ್ಕಾ" ಅಂದಳು. ಅವಳಿಗೆ ಮುಟ್ಟಾಗುವುದು 34 ದಿನಕ್ಕೊಮ್ಮೆ.

ಹೀಗೆ ಮುಟ್ಟಿನ ಚಕ್ರಕ್ಕೆ ತಕ್ಕಂತೆ ವ್ಯಾಯಾಮ, ಊಟ ಬದಲಿಸುವುದಕ್ಕೆ 'ಸೈಕಲ್ ಸಿಂಕಿಂಗ್' ಎಂಬ ಹೆಸರು. ಆ ಮಾತನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ಲೇಖಕಿ ಅಲಿಸಾ ವಿಟ್ಟಿ, ಹತ್ತು ವರ್ಷಕ್ಕೂ ಹಿಂದೆ. 2019ರ ವಿಶ್ವಕಪ್ ಗೆದ್ದ ಅಮೆರಿಕದ ಮಹಿಳಾ ಫುಟ್‌ಬಾಲ್ ತಂಡ ಮುಟ್ಟಿನ ದಿನಗಳನ್ನು ಗುರುತಿಟ್ಟುಕೊಳ್ಳುತ್ತಿತ್ತು ಎಂಬ ಸುದ್ದಿ ಬಂದ ಮೇಲೆ ಅದಕ್ಕೆ ಇನ್ನಷ್ಟು ಬಲ ಬಂತು. ಆದರೆ ಅಲ್ಲಿ ನಡೆದದ್ದು ಒಬ್ಬೊಬ್ಬ ಆಟಗಾರ್ತಿಯ ನೋವು, ನಿದ್ದೆ, ಸುಸ್ತು ನೋಡಿ ಆರೈಕೆ ಮಾಡುವ ಕೆಲಸ. ಎಲ್ಲರಿಗೂ ಒಂದೇ ಚಾರ್ಟ್ ಹಂಚಿದ್ದಲ್ಲ.

ಚಾರ್ಟಿನ ಬುಡವೇ 28 ದಿನದ ಲೆಕ್ಕ. 2019ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಮುಟ್ಟಿನ ಚಕ್ರಗಳನ್ನು ಪರಿಶೀಲಿಸಿದಾಗ ಸರಿಯಾಗಿ 28 ದಿನದ್ದು ಕೇವಲ ಶೇ 13. ಅಂಡ ಬಿಡುಗಡೆಯಾದ ಮೇಲಿನ ಅವಧಿ ಸರಾಸರಿ 12 ದಿನ ಚಿಲ್ಲರೆ. ಅದು ಹೆಚ್ಚು ಕದಲುವುದಿಲ್ಲ. ಹಿಗ್ಗುವುದು, ಕುಗ್ಗುವುದು ಮುಖ್ಯವಾಗಿ ಮೊದಲ ಭಾಗ. ಹಾಗಾಗಿ 34 ದಿನದವಳಿಗೆ ಅಂಡ ಬಿಡುಗಡೆ 14ಕ್ಕಲ್ಲ, 20-22ರ ಆಸುಪಾಸಿನಲ್ಲಿ. ತಂಗಿ ಮೆಡಿಕಲ್ ಅಂಗಡಿಯಿಂದ ಅಂಡ ಬಿಡುಗಡೆಯ ಸುಳಿವು ಕೊಡುವ ಮೂತ್ರ ಪರೀಕ್ಷೆಯ ಪಟ್ಟಿ ತಂದು ದಿನಾ ನೋಡಿದಳು. 20ನೇ ದಿನ ಗಾಢ ಗೆರೆ ಮೂಡಿತು. ಅದಾಗಿ ಒಂದು, ಒಂದೂವರೆ ದಿನದಲ್ಲಿ ಅಂಡ ಹೊರಬರುತ್ತದೆ. ಅಂದರೆ ಚಾರ್ಟ್ ಯೋಗಕ್ಕೆ ಕಳಿಸಿದ 17ರಂದು ಅವಳ ದೇಹ ಇನ್ನೂ ಮೊದಲರ್ಧದಲ್ಲೇ ಇತ್ತು. ಅದನ್ನು ನಂಬಿ ಪ್ರತಿ ಸಲ 17ರಿಂದ 34ರವರೆಗೆ 18 ದಿನ ಭಾರ ಮುಟ್ಟದೆ ಬಿಟ್ಟಿದ್ದಳು.

ದಿನದ ಲೆಕ್ಕ ಸರಿಮಾಡಿಕೊಂಡರೆ ಸಾಕೇ? ಒಂದೆರಡು ಹಳೆಯ ಸಣ್ಣ ಪ್ರಯೋಗಗಳಲ್ಲಿ ಮೊದಲರ್ಧದಲ್ಲಿ ಹೆಚ್ಚು ಭಾರ ಎತ್ತಿದವರಿಗೆ ಲಾಭ ಕಂಡಿತ್ತು. ಆಸೆ ಹುಟ್ಟಿದ್ದು ಅಲ್ಲಿಂದಲೇ. 2020ರಲ್ಲಿ 78 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಮುಟ್ಟಿನ ಮೊದಮೊದಲ ದಿನಗಳಲ್ಲಿ ಸಾಮರ್ಥ್ಯ ಕೂದಲೆಳೆಯಷ್ಟು ಕಡಿಮೆ ಇರಬಹುದು ಎಂದಷ್ಟೇ ತಿಳಿಯಿತು, ಅದೂ ಬಹುಪಾಲು ದುರ್ಬಲ ಪುರಾವೆಯ ಮೇಲೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಕೆಲವೇ ಮಹಿಳೆಯರ ಸ್ನಾಯು ಪರೀಕ್ಷಿಸಿ, ಭಾರ ಎತ್ತಿದ ಮೇಲೆ ಸ್ನಾಯು ಕಟ್ಟುವ ವೇಗ ಅಂಡ ಬಿಡುಗಡೆಗೆ ಮುಂಚಿನ, ನಂತರದ ಎರಡೂ ಅವಧಿಯಲ್ಲಿ ಒಂದೇ ಎಂದು ಕಂಡುಕೊಂಡರು. ಇನ್ನು ಬೀಜಗಳನ್ನು ಪಾಳಿಯಲ್ಲಿ ತಿಂದರೆ ಹಾರ್ಮೋನ್ ಸಮತೋಲನವಾಗುತ್ತದೆ ಎನ್ನಲು ಗಟ್ಟಿ ಪುರಾವೆಯೇ ಇಲ್ಲ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಂತೂ ಸಾಮಾನ್ಯವಾಗಿ ಅಂಡವೇ ಬಿಡುಗಡೆಯಾಗದು. ಅವರಿಗೆ ಈ ನಾಲ್ಕು ಬಣ್ಣ ಹೊಂದುವುದೇ ಇಲ್ಲ.

ಹೊಟ್ಟೆನೋವು, ಸುಸ್ತು ಮಾತ್ರ ಸುಳ್ಳಲ್ಲ. ತಂಗಿಗೆ ಎರಡನೇ ದಿನ ಸ್ರಾವ ವಿಪರೀತ. ಮೆಟ್ಟಿಲು ಹತ್ತಿದರೆ ಏದುಸಿರು. ಅದಕ್ಕೆ ಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ, ಜತೆಗೆ ದೇಹದಲ್ಲಿನ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆ. ಚಾರ್ಟ್ ಅದನ್ನು 'ವಿಶ್ರಾಂತಿ ದಿನ' ಎಂದು ಮುಚ್ಚಿಹಾಕಿತ್ತು; ನನಗೆ ಸಿಟ್ಟು ಬಂದದ್ದು ಅದಕ್ಕೇ. ಪರೀಕ್ಷೆಗೆ ರಕ್ತ ಕೊಟ್ಟು ಬಂದದ್ದು ಚಕ್ರದ 23ನೇ ದಿನ. ರಾತ್ರಿ ಜೋಳದ ರೊಟ್ಟಿಗೆ ಅಗಸೆ ಚಟ್ನಿ, ಗಟ್ಟಿ ಮೊಸರು ಹಾಕಿಕೊಂಡು ಉಂಡಳು.